ನಾಲ್ಕು ಪುಟದ ಸ್ವಇಚ್ಛಾ ಹೇಳಿಕೆ, ಕೋರ್ಟಿಗೆ ಬಂದದ್ದು ಒಂದೂವರೆ ಸಾಲು

ಕಾನೂನು ಸೇವಾ ಸಮಿತಿಯಿಂದ ನನಗೆ ಬಂದ ಕೇಸು ಇದು. ಊರು, ಸಂಬಂಧ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಡೆದದ್ದು 2022ರ ನವೆಂಬರ್‌ನಲ್ಲಿ. ಹಾಗಾಗಿ 2024ರ ಜುಲೈ 1ಕ್ಕೆ ಹೊಸ ಕಾನೂನು ಬಂದರೂ ಈ ಕೇಸಿಗೆ 1872ರ ಸಾಕ್ಷ್ಯ ಅಧಿನಿಯಮವೇ ಅನ್ವಯಿಸಿತು. ಹಳೆಯ 25, 26, 27ನೇ ಕಲಂಗಳು ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಒಟ್ಟಿಗೆ 23ನೇ ಕಲಂ ಆಗಿವೆ. ನಂಬರ್ ಬದಲಾಗಿದೆ, ಹೂರಣ ಅದೇ.

ಹಿನ್ನೆಲೆ

ಬಯಲುಸೀಮೆಯ ಅಂಚಿನ ಒಂದು ಹಳ್ಳಿ. ಅಡಿಕೆ ಕೊಯ್ಲಿನ ಕಾಲ. ಒಬ್ಬರೇ ಇದ್ದ ಅಜ್ಜಿಯೊಬ್ಬರು ಮನೆಯಲ್ಲೇ ಸತ್ತುಬಿದ್ದಿದ್ದರು. ಉಸಿರುಗಟ್ಟಿ ಸಾವು ಅಂತ ಮರಣೋತ್ತರ ಪರೀಕ್ಷೆಯ ವರದಿ ಬಂತು. ಕೊರಳಲ್ಲಿದ್ದ ಎರಡೆಳೆ ಅವಲಕ್ಕಿ ಸರ ಇರಲಿಲ್ಲ. ನೋಡಿದವರಿಲ್ಲ, ಬೆರಳಚ್ಚು ಸಿಗಲಿಲ್ಲ. ಯಾರೋ ಹೊರಗಿನವನು ಬೈಕಿನಲ್ಲಿ ಬಂದುಹೋದ ಅಂತ ಪಕ್ಕದ ಮನೆಯಾಕೆ ಹೇಳಿದ್ದರು.

ಆರನೇ ದಿನಕ್ಕೆ ಪೊಲೀಸರು ಒಬ್ಬ ಹುಡುಗನನ್ನು ಹಿಡಿದರು. ವಯಸ್ಸು ಇಪ್ಪತ್ತಾರು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೆಲಸ. ಸಾವಿನ ಎರಡು ದಿನ ಮುಂಚೆ ಅಜ್ಜಿಯ ಮನೆಗೆ ಸೌದೆ ಹಾಕಿ ಬಂದಿದ್ದ. ಅವನ ಮೇಲೆ ಅನುಮಾನ ಪಡಲು ಇದ್ದ ಕಾರಣ ಇಷ್ಟೇ.

ಚಾರ್ಜ್‌ಶೀಟ್ ಪ್ರಕಾರ ಅವನನ್ನು ಬುಧವಾರ ಬೆಳಿಗ್ಗೆ 6ಕ್ಕೆ ಬಸ್ ಸ್ಟ್ಯಾಂಡಿನಲ್ಲಿ ದಸ್ತಗಿರಿ ಮಾಡಿದರು. 9.30ಕ್ಕೆ ಅವನು ಸ್ವಇಚ್ಛಾ ಹೇಳಿಕೆ ಕೊಟ್ಟ. 11.30ಕ್ಕೆ ತೋಟದ ಪಂಪ್‌ಸೆಟ್ ಶೆಡ್ಡಿನಲ್ಲಿ, ಮೂಲೆಯ ಚಪ್ಪಡಿ ಕಲ್ಲಿನ ಕೆಳಗಿನಿಂದ ಸರ ತೆಗೆದುಕೊಟ್ಟ. ಗುರುವಾರ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಕಾಗದದ ಮೇಲೆ ಎಲ್ಲ 24 ಗಂಟೆಯೊಳಗೆ, ಒಂದು ನಿಮಿಷವೂ ಆಚೀಚೆ ಇಲ್ಲ.

ಆ ಹೇಳಿಕೆ

ಟೈಪ್ ಮಾಡಿದ ನಾಲ್ಕು ಪುಟ. ‘ಸದರಿ ಮೃತಳು ಒಂಟಿಯಾಗಿ ವಾಸವಾಗಿರುವ ವಿಷಯ ನನಗೆ ಮೊದಲಿನಿಂದಲೂ ತಿಳಿದಿರುತ್ತದೆ’ ಅಂತ ಶುರು. ಸಾಲ ಎಷ್ಟಿತ್ತು, ಯಾವಾಗ ಯೋಚನೆ ಬಂತು, ದಿಂಬು ಹೇಗೆ ಒತ್ತಿದೆ, ಎಲ್ಲ ಇದೆ. ಜೈಲಿನಲ್ಲಿ ಮೊದಲ ಸಲ ಭೇಟಿಯಾದಾಗ ಅದನ್ನು ಅವನಿಗೆ ಓದಿ ಹೇಳಿದೆ. ‘ಸದರಿ ಅಂದ್ರೆ ಏನಣ್ಣ?’ ಅಂದ. ಅವನ ಬಾಯಲ್ಲಿ ಇಟ್ಟಿದ್ದೇನೆ ಅನ್ನುವುದೂ ಬರಲ್ಲ, ಮಡಗಿದೀನಿ ಅನ್ನುತ್ತಾನೆ. ಹೇಳಿಕೆಯಲ್ಲಿ ಮಾತ್ರ ‘ಬಚ್ಚಿಟ್ಟಿರುತ್ತೇನೆ’.

ಇದನ್ನು ಓದಿದರೆ ಯಾರಿಗಾದರೂ ಇವನೇ ಮಾಡಿದ್ದು ಅನ್ನಿಸುತ್ತೆ. ಆದರೆ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವ ಹಾಗೇ ಇಲ್ಲ. ಅದು 25ನೇ ಕಲಂ. ಹೊಡೆದರೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಚಹಾ ಕೊಟ್ಟು, ಕುರ್ಚಿ ಹಾಕಿ ಬರೆಸಿಕೊಂಡಿದ್ದರೂ ಅಷ್ಟೇ. ಅಧಿಕಾರಿ ಎಷ್ಟು ದೊಡ್ಡವರು ಅನ್ನುವುದೂ ಲೆಕ್ಕಕ್ಕಿಲ್ಲ. 1861ರ ದಂಡ ಪ್ರಕ್ರಿಯಾ ಕಾನೂನಿನಲ್ಲೇ ಈ ಬೇಲಿ ಹಾಕಿದ್ದರು. (ಸಂಘಟಿತ ಅಪರಾಧದ ವಿಶೇಷ ಕಾನೂನುಗಳ ಕಥೆ ಬೇರೆ. ನಮ್ಮ ರಾಜ್ಯದ 2000ದ ಕಾಯ್ದೆಯಡಿ ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಷರತ್ತಿನ ಮೇಲೆ ಸಾಕ್ಷ್ಯವಾಗಬಹುದು. ಇದು ಅಂಥ ಕೇಸಲ್ಲ.)

ಹಾಗಾದರೆ ಯಾಕೆ ಬರೆಸಿಕೊಳ್ಳುತ್ತಾರೆ? 27ನೇ ಕಲಂಗಾಗಿ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತು ಮಾತ್ರ ಒಳಗೆ ಬರಬಹುದು. ಠಾಣೆಯಲ್ಲಿ ಹುಟ್ಟಿದ ಮಾತು ಕೋರ್ಟಿನೊಳಗೆ ಬರಲು ಇರುವುದು ಈ ಒಂದೇ ಕಿಂಡಿ. ಅದಕ್ಕೇ ಎಲ್ಲ ಹೇಳಿಕೆಗಳೂ ‘ನನ್ನ ಜೊತೆ ಬಂದರೆ ತೋರಿಸಿಕೊಡುತ್ತೇನೆ’ ಅಂತಲೇ ಮುಗಿಯುವುದು.

ಮ್ಯಾಜಿಸ್ಟ್ರೇಟರ ಕೋಣೆ

ಕೇಸು ನನ್ನ ಕೈಗೆ ಬರುವ ಮುಂಚೆಯೇ ಮುಖ್ಯವಾದದ್ದೊಂದು ನಡೆದಿತ್ತು. ಮೊದಲ ರಿಮಾಂಡ್ ದಿನ ‘ಪೊಲೀಸರ ಮೇಲೆ ದೂರು ಇದೆಯಾ’ ಅಂತ ಕೇಳಿದ್ದಕ್ಕೆ ಹುಡುಗ ಇಲ್ಲ ಅಂದಿದ್ದ. ಕರೆತಂದ ಪೇದೆ ಒಂದು ಮೊಳ ದೂರದಲ್ಲಿ ನಿಂತಿದ್ದ. ಆರ್ಡರ್ ಶೀಟಿನಲ್ಲಿ ‘ಯಾವುದೇ ದೂರು ಇಲ್ಲ’ ಅಂತ ಸೇರಿತು. ಐದು ದಿನ ಪೊಲೀಸ್ ಕಸ್ಟಡಿ ಕೊಟ್ಟರು. ಆ ಒಂದು ಸಾಲನ್ನು ಮುಂದೆ ಸರ್ಕಾರಿ ವಕೀಲರು ನಮ್ಮ ಮೇಲೆ ನಾಲ್ಕು ಸಲ ಬೀಸಿದರು.

ಕಸ್ಟಡಿಯ ನಾಲ್ಕನೇ ದಿನ ತನಿಖಾಧಿಕಾರಿ ಅವನನ್ನು ಇನ್ನೊಬ್ಬ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ದರು, ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಂ ಕೆಳಗೆ ತಪ್ಪೊಪ್ಪಿಗೆ ದಾಖಲಿಸಿ ಅಂತ. (ಈಗ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 183.) ಮ್ಯಾಜಿಸ್ಟ್ರೇಟ್ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಅಲ್ಲಿ ಹುಡುಗ ಹೂಂ ಅಂದಿದ್ದರೆ ನಮ್ಮ ಕೇಸು ಅಲ್ಲೇ ಮುಗಿದಿತ್ತು.

ಆ ಮ್ಯಾಜಿಸ್ಟ್ರೇಟ್ ಅವಸರ ಮಾಡಲಿಲ್ಲ. ಪೊಲೀಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ‘ಆ ಮೇಡಂ ಊಟ ಆಯ್ತಾ ಅಂದ್ರು ಅಣ್ಣ. ಆಮೇಲೆ ನಾನು ಪೊಲೀಸ್ ಅಲ್ಲ, ನೀನು ಹೇಳ್ಲೇಬೇಕು ಅಂತಿಲ್ಲ, ಹೇಳಿದ್ರೆ ನಿನಗೇ ತಿರುಗತ್ತೆ ಅಂದ್ರು’ ಅಂತ ಹುಡುಗ ಹೇಳಿದ್ದು ನನಗೆ ಇನ್ನೂ ನೆನಪಿದೆ. ಇದನ್ನೆಲ್ಲ ಹೇಳುವುದು ಕಾನೂನಿನಲ್ಲೇ ಇದೆ. ಬಹಳ ಕಡೆ ಅದನ್ನು ಅಚ್ಚು ಹಾಕಿದ ಫಾರಂ ಓದಿದ ಹಾಗೆ ಓದಿ ಮುಗಿಸುತ್ತಾರೆ. ಈ ಮೇಡಂ ಇನ್ನೊಂದು ಮಾತು ಸೇರಿಸಿದ್ದರು: ‘ನೀನು ಹೇಳಲ್ಲ ಅಂದ್ರೂ ನಿನ್ನನ್ನು ವಾಪಸ್ ಠಾಣೆಗೆ ಕಳಿಸಲ್ಲ.’ 164ನೇ ಕಲಂನ 3ನೇ ಉಪಕಲಂ ಹೇಳುವುದು ಇದನ್ನೇ. ತಪ್ಪೊಪ್ಪಿಗೆ ಕೊಡಲು ಇಷ್ಟವಿಲ್ಲ ಅಂದವನನ್ನು ಮತ್ತೆ ಪೊಲೀಸ್ ಕಸ್ಟಡಿಗೆ ಕೊಡುವ ಹಾಗಿಲ್ಲ. ಆ ಕೋಣೆಯಲ್ಲಿ ನಿಂತವನಿಗೆ ಬೇಕಾಗಿರುವ ಮಾಹಿತಿ ಇದೊಂದೇ, ಅಲ್ವಾ? ವಾಪಸ್ ಅಲ್ಲಿಗೇ ಹೋಗಬೇಕು ಅನ್ನುವ ಭಯ ಇರುವವರೆಗೆ ಮಿಕ್ಕ ಎಚ್ಚರಿಕೆಗಳು ಕಿವಿಗೆ ಬೀಳುವುದಿಲ್ಲ.

ಆಮೇಲೆ ಅವನನ್ನು ಉಪ ಕಾರಾಗೃಹಕ್ಕೆ ಕಳಿಸಿ, ಯೋಚಿಸಲು ಒಂದು ದಿನ ಕೊಟ್ಟರು. ಕನಿಷ್ಠ 24 ಗಂಟೆ ಕೊಡುವುದು ಒಳ್ಳೆಯದು ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಪಂಜಾಬಿನ ಸರವಣ್ ಸಿಂಗ್ ಕೇಸಿನಲ್ಲಿ ಹೇಳಿದೆ. ಮರುದಿನ ಹುಡುಗ ‘ನಾನು ಏನೂ ಹೇಳಲ್ಲ’ ಅಂದ. ಎರಡು ಸಾಲಿನ ಆದೇಶ ಬರೆದು ಕಡತ ಮುಚ್ಚಿದರು.

ಯಾವ ದಾರಿ ಹಿಡಿಯುವುದು

ಕೇಸು ನನಗೆ ಬಂದಾಗ ಎರಡು ದಾರಿ ಇದ್ದವು. ಮೊದಲನೆಯದು ಒತ್ತಾಯದ ವಾದ. ಸಂವಿಧಾನದ 20(3)ನೇ ವಿಧಿ ಯಾರನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಅನ್ನುತ್ತದೆ. 1961ರಲ್ಲಿ ಕಾಥಿ ಕಾಲು ಓಘಡ್ ಕೇಸಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಇದನ್ನು 27ನೇ ಕಲಂ ಜೊತೆ ಇಟ್ಟು ನೋಡಿತು. ಕಸ್ಟಡಿಯಲ್ಲಿದ್ದ ಮಾತ್ರಕ್ಕೆ ಒತ್ತಾಯ ಅಂತಾಗುವುದಿಲ್ಲ, ಆದರೆ ನಿಜಕ್ಕೂ ಒತ್ತಾಯಿಸಿದ್ದರೆ 27 ಕೂಡ ಪೊಲೀಸರನ್ನು ಕಾಪಾಡುವುದಿಲ್ಲ ಅಂದಿತು. 2010ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಕೇಸಿನಲ್ಲಿ ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಬಾರದು ಅಂದಾಗಲೂ ಇದೇ ತತ್ವ ನಿಂತಿತು.

ವಾದ ಚೆನ್ನಾಗಿದೆ, ರುಜುವಾತು ಎಲ್ಲಿ? ತಾಲೂಕು ಆಸ್ಪತ್ರೆಯ ಚೀಟಿಯಲ್ಲಿ ‘ಹೊರಗಾಯ ಇಲ್ಲ’ ಅಂತಿತ್ತು. ಜೈಲಿಗೆ ಸೇರಿಸಿಕೊಂಡಾಗಿನ ಆರೋಗ್ಯ ದಾಖಲೆಯಲ್ಲಿ ‘ಎರಡೂ ಅಂಗಾಲಿನಲ್ಲಿ ಊತ’ ಅಂತಿತ್ತು. ಆದರೆ ಗೊನೆ ಇಳಿಸುವವನ ಅಂಗಾಲು, ಮರದಿಂದ ಜಾರಿರಬಹುದಲ್ಲ ಅಂತ ಎದುರಿನವರು ಕೇಳುತ್ತಾರೆ. ಕೇಳಿದರು ಕೂಡ.

ಇಲ್ಲಿ ನನ್ನದೇ ಒಂದು ತಪ್ಪಿದೆ. ಠಾಣೆಯ ಸಿಸಿಟಿವಿ ದೃಶ್ಯ ಬೇಕು ಅಂತ ನಾನು ಅರ್ಜಿ ಹಾಕಿದ್ದು ನಾಲ್ಕು ತಿಂಗಳ ಮೇಲೆ, ಚಾರ್ಜ್‌ಶೀಟ್ ಪ್ರತಿ ಕೈಗೆ ಬಂದ ಮೇಲೆ. ‘ನಮ್ಮ ಯಂತ್ರದಲ್ಲಿ 30 ದಿನ ಮಾತ್ರ ಉಳಿಯುತ್ತದೆ’ ಅಂತ ಉತ್ತರ ಬಂತು. ದೃಶ್ಯವನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೆ ಕಡಿಮೆ ಅಂದರೂ ಒಂದು ವರ್ಷ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ ಆದೇಶಿಸಿತ್ತು. ಅದನ್ನು ತೋರಿಸಿದೆ. ಅಳಿಸಿಹೋದದ್ದು ಅದರಿಂದ ವಾಪಸ್ ಬರುತ್ತದೆಯೇ? ಕೇಸು ಕೈಗೆ ಬಂದ ದಿನವೇ ‘ಈ ತಾರೀಖಿನಿಂದ ಈ ತಾರೀಖಿನವರೆಗಿನ ದೃಶ್ಯ ತೆಗೆದಿಡಿ’ ಅಂತ ಒಂದು ಪುಟದ ಅರ್ಜಿ ಹಾಕಬೇಕಿತ್ತು. ಈಗ ಹಾಕುತ್ತೇನೆ.

ಎರಡನೇ ದಾರಿ: ಹೇಳಿಕೆ ಒತ್ತಾಯದ್ದೋ ಅಲ್ಲವೋ ಆಮೇಲೆ ನೋಡೋಣ, ಅದರಿಂದ ಏನಾದರೂ ಪತ್ತೆಯಾಯಿತೇ? ಸರ ಅಲ್ಲಿರುವುದು ಪೊಲೀಸರಿಗೆ ಮೊದಲೇ ಗೊತ್ತಿದ್ದರೆ, ಇವನ ಮಾತಿನಿಂದ ಪತ್ತೆ ಅನ್ನುವುದೇ ಬಿದ್ದುಹೋಗುತ್ತದೆ. ಏಟು ಬಿದ್ದದ್ದನ್ನು ತೋರಿಸುವುದಕ್ಕಿಂತ ಹೊತ್ತು ತಪ್ಪಿದ್ದನ್ನು ತೋರಿಸುವುದು ಸುಲಭ. ನಾನು ಇದನ್ನೇ ಮುಂದೆ ಹಿಡಿದೆ, ಒತ್ತಾಯದ ವಾದವನ್ನು ಅದರ ಬೆನ್ನಿಗೆ ಇಟ್ಟೆ. ಹುಡುಗನ ಅಕ್ಕನಿಗೆ ಇದು ಸಮಾಧಾನ ತರಲಿಲ್ಲ. ‘ಹೊಡೆದಿದ್ದನ್ನೇ ಹೇಳಲ್ವಾ ಸರ್?’ ಅಂದರು.

ಅಕ್ಕನ ಪ್ಲಾಸ್ಟಿಕ್ ಕವರ್

ಆ ಅಕ್ಕನೇ ಕೇಸು ತಿರುಗಿಸಿದ್ದು. ತಮ್ಮನನ್ನು ಕರೆದೊಯ್ದದ್ದು ಬುಧವಾರ ಅಲ್ಲ, ಭಾನುವಾರ ಸಂಜೆ ಅಂತ ಮೊದಲಿನಿಂದ ಹೇಳುತ್ತಿದ್ದರು. ಇಂಥ ಮಾತನ್ನು ಎಲ್ಲ ಮನೆಯವರೂ ಹೇಳುತ್ತಾರೆ, ಕೋರ್ಟು ಅದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ಎರಡನೇ ಭೇಟಿಯಲ್ಲಿ ಅವರು ಸೆರಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಅರ್ಧ ಪುಟದ ಅರ್ಜಿ. ಊರಿನ ಮೇಷ್ಟ್ರ ಕೈಲಿ ಬರೆಸಿದ್ದು. ‘ನನ್ನ ತಮ್ಮನನ್ನು ಎರಡು ದಿನದಿಂದ ಠಾಣೆಯಲ್ಲಿ ಕೂರಿಸಿಕೊಂಡಿದ್ದಾರೆ, ನೋಡಲು ಬಿಡುತ್ತಿಲ್ಲ.’ ಮೂಲೆಯಲ್ಲಿ ಎಸ್ಪಿ ಕಚೇರಿಯ ಟಪಾಲು ವಿಭಾಗದ ನೇರಳೆ ಮೊಹರು, ಮಂಗಳವಾರದ ತಾರೀಖು.

ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನ ಬಗ್ಗೆ ಮಂಗಳವಾರವೇ ದೂರು ಹೇಗೆ ಬರುತ್ತದೆ?

ಸುಮ್ನೆ ಆ ಕಾಗದವನ್ನು ಹಾಜರುಪಡಿಸಿದರೆ ಸಾಲದು. ಮೊಹರು ಆಮೇಲೆ ಒತ್ತಿಸಿದ್ದು ಅನ್ನಬಹುದು. ಹಾಗಾಗಿ ಟಪಾಲು ರಿಜಿಸ್ಟರಿನ ಜೊತೆ ಅಲ್ಲಿನ ಗುಮಾಸ್ತರಿಗೆ ಸಮನ್ಸ್ ಕಳಿಸಿ, ಡಿಫೆನ್ಸ್ ಸಾಕ್ಷಿಯಾಗಿ ಕರೆಸಿದೆವು. ಅವರು ರಿಜಿಸ್ಟರ್ ತೆರೆದು ಕ್ರಮಸಂಖ್ಯೆ ಓದಿದರು, ಅದರ ಮೇಲೆ ಕೆಳಗಿನ ಅರ್ಜಿಗಳದ್ದೂ ಓದಿದರು. ಮೂರೇ ನಿಮಿಷದ ಸಾಕ್ಷಿ. ಸರ್ಕಾರಿ ವಕೀಲರು ಪಾಟೀ ಸವಾಲಿಗೆ ಏಳಲೇ ಇಲ್ಲ.

ಆಮೇಲೆ ದಸ್ತಗಿರಿ ಮೆಮೊ ನೋಡಿದೆವು. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು, ಸಂಬಂಧಿಕರಿಗೆ ತಿಳಿಸಬೇಕು. ಇಲ್ಲಿ ಸಾಕ್ಷಿ ಹಾಕಿದ್ದು ಅದೇ ಠಾಣೆಯ ಹೋಂಗಾರ್ಡ್. ‘ತಿಳಿಸಿದ ಸಂಬಂಧಿ’ ಅನ್ನುವ ಕಾಲಂನಲ್ಲಿ ಅಕ್ಕನ ಹೆಸರು, ಮುಂದೆ ಮೊಬೈಲ್ ನಂಬರ್. ಎಣಿಸಿದರೆ ಒಂಬತ್ತೇ ಅಂಕಿ. ‘ಈ ನಂಬರಿಗೆ ಫೋನ್ ಮಾಡಿದಿರಾ?’ ಅಂತ ತನಿಖಾಧಿಕಾರಿಯನ್ನು ಕೇಳಿದೆ. ‘ಹೌದು, ಮಾತಾಡಿದೆ’ ಅಂದರು. ಅಂಕಿ ಎಣಿಸಿ ಅಂದೆ.

ಶೆಡ್ಡಿನ ಕೀಲಿ

ತೋಟದ ಯಜಮಾನರು ಪ್ರಾಸಿಕ್ಯೂಷನ್ ಸಾಕ್ಷಿ. ಹುಡುಗ ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಅಂತ ಹೇಳಲು ಬಂದವರು. ಸೋಮವಾರವೇ ಶೆಡ್ಡಿನ ಹತ್ತಿರ ಜೀಪು ನಿಂತಿತ್ತು ಅಂತ ಅಕ್ಕ ಊರಿನಲ್ಲಿ ಕೇಳಿದ್ದರು. ಬರೀ ಕೇಳಿದ ಮಾತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀ ಸವಾಲಿನಲ್ಲಿ ಕೇಳಬಾರದು ಅಂತ ನಮಗೆ ಹಿರಿಯರು ಕಲಿಸುತ್ತಾರೆ. ‘ಇಲ್ಲ, ಯಾರೂ ಬಂದಿರಲಿಲ್ಲ’ ಅಂದುಬಿಟ್ಟರೆ ಪ್ರಾಸಿಕ್ಯೂಷನ್ ಕೇಸಿಗೆ ನಾನೇ ಗಾರೆ ಹಾಕಿದಂತೆ.

ವಿಚಾರಣೆಯ ಹಿಂದಿನ ಭಾನುವಾರ ಶೆಡ್ ನೋಡಲು ಹೋದೆ. ತಗಡಿನ ಬಾಗಿಲು, ಬೀಗ. ಬೀಗ ಇದ್ದದ್ದು ಮಹಜರಿನಲ್ಲಿ ಒಂದು ಕಡೆಯೂ ಇರಲಿಲ್ಲ. ಹಾಗಾಗಿ ಜೀಪಿನ ವಿಷಯ ಬಿಟ್ಟು ಕೀಲಿಯಿಂದ ಶುರು ಮಾಡಿದೆ.

‘ಶೆಡ್ಡಿಗೆ ಬೀಗ ಹಾಕ್ತೀರಾ?’ ‘ಮೋಟರ್ ಇದೆಯಲ್ಲ ಸ್ವಾಮಿ, ಹಾಕ್ತೀವಿ.’ ‘ಕೀಲಿ ಯಾರ ಹತ್ತಿರ ಇರುತ್ತೆ?’ ‘ನನ್ನ ಹತ್ರವೇ.’ ‘ಪೊಲೀಸರು ಸರ ತೆಗೆದ ದಿನ ನೀವೇ ಬಾಗಿಲು ತೆಗೆದುಕೊಟ್ಟಿರಾ?’ ‘ಇಲ್ಲ, ಕೀಲಿ ಅವರ ಹತ್ರವೇ ಇತ್ತು. ಸೋಮವಾರ ಬೆಳಿಗ್ಗೆ ಬಂದು ಇಸ್ಕೊಂಡ್ರು, ಒಳಗೆಲ್ಲ ನೋಡಿದ್ರು. ಬುಧವಾರ ಸಂಜೆ ವಾಪಸ್ ಕೊಟ್ರು.’

ನಾನು ಕೂತುಬಿಟ್ಟೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಕೆಡುತ್ತಿತ್ತು.

ಪಂಚರ ವಿಷಯ ಉದ್ದ ಮಾಡುವುದಿಲ್ಲ. ಇಬ್ಬರಲ್ಲಿ ಒಬ್ಬರು ಪ್ರತಿಕೂಲ ಸಾಕ್ಷಿಯಾದರು. ಇನ್ನೊಬ್ಬರು ಪ್ರಾಮಾಣಿಕವಾಗಿ ‘ನನ್ನನ್ನು ನೇರ ತೋಟಕ್ಕೆ ಬಾ ಅಂದ್ರು, ಹುಡುಗ ಏನು ಹೇಳಿದ ಅಂತ ನಾನು ಕೇಳಿಲ್ಲ’ ಅಂದರು. ನಮ್ಮ ರಾಜ್ಯದ್ದೇ ಆದ ಸುಬ್ರಮಣ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕ್ರಮವನ್ನು ಬಿಡಿಸಿ ಹೇಳಿದ್ದು 2022ರ ಅಕ್ಟೋಬರ್‌ನಲ್ಲಿ, ನಮ್ಮ ಘಟನೆಗೆ ಒಂದು ತಿಂಗಳ ಮುಂಚೆ. ಮೊದಲು ಪಂಚರನ್ನು ಠಾಣೆಗೆ ಕರೆಸಬೇಕು, ಅವರ ಎದುರಿಗೆ ಆರೋಪಿ ತನ್ನ ಮಾತಿನಲ್ಲಿ ಹೇಳಬೇಕು, ಅದೇ ಮಾತನ್ನು ಬರೆದುಕೊಳ್ಳಬೇಕು, ಆಮೇಲೆ ಹೊರಡಬೇಕು. ಇಲ್ಲಿ ಹೇಳಿಕೆ 9.30ಕ್ಕೆ, ಪಂಚರಿಗೆ ನೋಟಿಸ್ 10ಕ್ಕೆ. ‘ಸದರಿ’, ‘ಬಚ್ಚಿಟ್ಟಿರುತ್ತೇನೆ’ ಯಾರ ಮಾತು ಅನ್ನುವುದಕ್ಕೂ ಈ ತೀರ್ಪೇ ಆಧಾರವಾಯಿತು.

ಒಂದೂವರೆ ಸಾಲು

ತನಿಖಾಧಿಕಾರಿಯ ಮುಖ್ಯ ವಿಚಾರಣೆಯಲ್ಲಿ ನಾಲ್ಕೂ ಪುಟವನ್ನು ಗುರುತು ಮಾಡಿಸಲು ಹೊರಟಾಗ ಆಕ್ಷೇಪಿಸಿದೆ. ಇದು ಸಣ್ಣ ತಕರಾರಲ್ಲ. ಪೂರ್ತಿ ಹೇಳಿಕೆ ಕಡತದಲ್ಲಿ ಕೂತರೆ, ಕಾನೂನು ಏನೇ ಹೇಳಲಿ, ಓದಿದವರ ಮನಸ್ಸಿನಿಂದ ಆ ದಿಂಬು ಹೋಗುವುದಿಲ್ಲ. ಕರ್ನಾಟಕದ್ದೇ ಆದ ವೆಂಕಟೇಶ್ ಕೇಸಿನಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಚಾಳಿಯನ್ನು ಟೀಕಿಸಿತ್ತು. ಅಲ್ಲಂತೂ ಆರೋಪಿಗಳ ತಪ್ಪೊಪ್ಪಿಗೆಯ ವಿಡಿಯೊ ಟಿವಿಯಲ್ಲೂ ಪ್ರಸಾರವಾಗಿತ್ತು.

ನ್ಯಾಯಾಧೀಶರು ಪೆನ್ಸಿಲ್ ತೆಗೆದುಕೊಂಡು ಮೂರನೇ ಪುಟದಲ್ಲಿ ಒಂದು ಕಡೆ ಆವರಣ ಹಾಕಿದರು. ‘ಕೊಂದು ಕಿತ್ತುಕೊಂಡ ಸರವನ್ನು ತೋಟದ ಪಂಪ್‌ಸೆಟ್ ಶೆಡ್ಡಿನಲ್ಲಿ ಚಪ್ಪಡಿ ಕಲ್ಲಿನ ಕೆಳಗೆ ಬಚ್ಚಿಟ್ಟಿರುತ್ತೇನೆ, ಬಂದರೆ ತೋರಿಸುತ್ತೇನೆ’ ಅನ್ನುವಲ್ಲಿ, ‘ಕೊಂದು ಕಿತ್ತುಕೊಂಡ’ ಆವರಣದ ಹೊರಗೆ. ಆ ಎರಡು ಪದಗಳನ್ನು ಹೊರಗಿಡುವ ಸೂತ್ರ ಪುಲುಕುರಿ ಕೋಟಯ್ಯ ಕೇಸಿನದು. 1946ರಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಇವತ್ತಿಗೂ ಎಲ್ಲ ಸೆಷನ್ಸ್ ಕೋರ್ಟುಗಳಲ್ಲಿ ದಿನಾ ಓಡಾಡುತ್ತದೆ. ಪತ್ತೆಯಾಗುವುದು ಬರೀ ವಸ್ತುವಲ್ಲ, ಅದು ಇದ್ದ ಜಾಗ ಮತ್ತು ಆ ಜಾಗ ಇವನಿಗೆ ಗೊತ್ತಿತ್ತು ಅನ್ನುವುದು. ಹಿಂದೆ ಅದರಿಂದ ಏನು ಮಾಡಿದ ಅನ್ನುವುದು ಆ ಪತ್ತೆಯ ಭಾಗವಲ್ಲ.

2024ರ ಕೊನೆಗೆ ತೀರ್ಪು ಬಂತು. ಆ ಒಂದೂವರೆ ಸಾಲೂ ನಿಲ್ಲಲಿಲ್ಲ. ಕೀಲಿ ಸೋಮವಾರದಿಂದ ಪೊಲೀಸರ ಕೈಲಿದ್ದು, ಅವರೇ ಒಳಗೆ ಹುಡುಕಿದ್ದಾಗ ಬುಧವಾರದ್ದನ್ನು ಆರೋಪಿಯ ಮಾತಿನಿಂದಾದ ಪತ್ತೆ ಅನ್ನಲಾಗದು, ದಸ್ತಗಿರಿಯ ಸಮಯವೂ ನಂಬುವಂತಿಲ್ಲ ಅಂತ ನ್ಯಾಯಾಧೀಶರು ಬರೆದರು. ಉಳಿದದ್ದು ಸೌದೆ ಹಾಕಿದ್ದು ಮಾತ್ರ. ಹುಡುಗನ ಬಿಡುಗಡೆಯಾಯಿತು.

ಹೊಡೆದ ವಿಷಯದಲ್ಲಿ ತೀರ್ಪು ಏನೂ ಹೇಳಲಿಲ್ಲ. ‘ಅದನ್ನು ತೀರ್ಮಾನಿಸುವ ಅಗತ್ಯ ಬೀಳುವುದಿಲ್ಲ’ ಅಂತ ಒಂದು ವಾಕ್ಯ. ತಪ್ಪೊಪ್ಪಿಗೆಗಾಗಿ ಹೊಡೆಯುವುದು ಐಪಿಸಿ 330ರ ಕೆಳಗೆ ಏಳು ವರ್ಷದವರೆಗೆ ಶಿಕ್ಷೆಯ ಅಪರಾಧ. ಅಕ್ಕ ಖಾಸಗಿ ದೂರು ಹಾಕೋಣ ಅಂದರು, ತಮ್ಮ ಬೇಡ ಅಂದ. ಮೂಲ ಕಾರಣ ನಾನು ಆರಿಸಿದ ದಾರಿಯೇ. ಹೊತ್ತು ಹಿಡಿದು ಗೆದ್ದೆವು, ಏಟು ಕಡತದಿಂದ ಹೊರಗೆ ಉಳಿಯಿತು. ಮೊದಲ ರಿಮಾಂಡಿನಲ್ಲೇ ವಕೀಲರೊಬ್ಬರು ಪಕ್ಕದಲ್ಲಿ ನಿಂತು ಅಂಗಾಲು ತೋರಿಸಿ, ಬೇರೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಅಂತ ಕೇಳಿದ್ದರೆ ಎರಡೂ ಆಗುತ್ತಿತ್ತೇನೋ. ಕಾನೂನು ಸೇವಾ ಸಮಿತಿಯಲ್ಲಿ ಈಗ ರಿಮಾಂಡ್ ಪಾಳಿ ನನ್ನದಿದ್ದಾಗ ಮೊದಲು ಪೇದೆಯನ್ನು ಬಾಗಿಲಾಚೆ ನಿಲ್ಲಿಸಿ ಅಂತ ಕೋರ್ಟನ್ನು ಕೇಳುತ್ತೇನೆ. ಆಮೇಲೆ ಚಪ್ಪಲಿ ಬಿಡಿಸಿ ಕಾಲು ನೋಡುತ್ತೇನೆ.

ಬೈಕಿನಲ್ಲಿ ಬಂದವನನ್ನು ಯಾರೂ ಹುಡುಕಲಿಲ್ಲ. ಹೇಳಿಕೆ ಸಿಕ್ಕ ಮೇಲೆ ತನಿಖೆ ಅಲ್ಲಿಗೇ ನಿಂತಿತ್ತು. ಪಕ್ಕದ ಮನೆಯಾಕೆಯನ್ನು ಸಾಕ್ಷಿಯಾಗಿಯೂ ಹಾಕಿರಲಿಲ್ಲ.

ಮೇಲ್ಮನವಿಯ ಅವಧಿ ಮುಗಿದ ಮೇಲೆ ಮುದ್ದೆಮಾಲು ವಾಪಸ್ ಪಡೆಯಲು ಅಜ್ಜಿಯ ಮೊಮ್ಮಗ ಬಂದಿದ್ದರು. ಬೇರೊಂದು ಕೇಸಿಗೆ ನಾನೂ ಅದೇ ಕಾರಿಡಾರಿನಲ್ಲಿದ್ದೆ. ಸರ ತಮ್ಮ ಅಜ್ಜಿಯದೇ, ಕೊಂಡಿಯ ಹತ್ತಿರದ ಬೆಸುಗೆ ಗುರುತು ಹಿಡಿದೆ ಅಂದರು. ಅದನ್ನು ಅಂಗೈಯಲ್ಲಿ ಮಡಚಿ ಹಿಡಿದುಕೊಂಡು ಕೇಳಿದರು: ‘ಹಾಗಾದ್ರೆ ಇದನ್ನ ಆ ಶೆಡ್ಡಿನಲ್ಲಿ ಇಟ್ಟಿದ್ದು ಯಾರು ಸರ್?’ ನನ್ನ ಕೇಸು ಕರೆದರು, ಒಳಗೆ ಹೋದೆ.